ಅಟ್ರೋಪಿನ್‌ನ ಅಳತೆ ಹಸುವಿನ ಎದೆಯಲ್ಲಿದೆ

ಮುಂಗಾರು ಹಿಡಿದರೆ ಹಾಸನದ ಬಳಿಯ ಮೊಸಳೆ ಊರಿನ ಸುತ್ತಮುತ್ತ ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳದ ಹೊಲಗಳಲ್ಲಿ ಔಷಧಿ ಹೊಡೆಯುವ ಕೆಲಸ ಶುರುವಾಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯೂ ಹಾಗೆಯೇ. ಬೆಳೆ ಮತ್ತು ಹೈನು ಒಂದೇ ಮನೆಯ ಎರಡು ಕಸುಬಾಗಿರುವ ಈ ಸೀಮೆಯಲ್ಲಿ ಔಷಧಿ ಡಬ್ಬ ಇರುವ ಜಾಗಕ್ಕೂ ಕೊಟ್ಟಿಗೆಗೂ ಹೆಚ್ಚು ದೂರವಿರುವುದಿಲ್ಲ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಡೈಮೆಥೊಯೇಟ್ ಎಲ್ಲವೂ ಆರ್ಗನೊಫಾಸ್ಫೇಟ್ ಎಂಬ ಒಂದೇ ಕುಲದವು. ಆಲೂಗಡ್ಡೆ, ಶುಂಠಿಯ ಬುಡಕ್ಕೆ ಹರಳಿನ ರೂಪದಲ್ಲಿ ಹಾಕುತ್ತಿದ್ದ ಫೋರೇಟ್ ಕೂಡ ಇದೇ ಕುಲದ್ದು, ಅದನ್ನು 2020ರ ಡಿಸೆಂಬರ್ 31ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಮೊನೊಕ್ರೋಟೋಫಾಸ್ ಹೆಸರು ಕರ್ನಾಟಕದ ಓದುಗರಿಗೆ ಬೇರೆ ಕಾರಣಕ್ಕೆ ಗೊತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದು ಅದನ್ನೇ, ಸತ್ತವರು 17 ಮಂದಿ. ಮನುಷ್ಯರಿಗೆ ಹೀಗಾದಾಗ ಆಂಬುಲೆನ್ಸ್, ಆಸ್ಪತ್ರೆ, ವೆಂಟಿಲೇಟರ್ ಇರುತ್ತವೆ. ಹಸುವಿಗೋ ನಾಯಿಗೋ ಆದಾಗ ಇರುವುದು ಹೆಚ್ಚೆಂದರೆ ಒಬ್ಬ ಪಶುವೈದ್ಯ, ಒಂದು ಚೀಲ ಮತ್ತು ಅದರೊಳಗಿನ ಅಟ್ರೋಪಿನ್. ಆ ಅಟ್ರೋಪಿನ್ ಎಷ್ಟು ಬೇಕು, ಸಾಕೆಂದು ತೀರ್ಮಾನಿಸುವುದು ಯಾವುದನ್ನು ನೋಡಿ ಎಂಬುದರ ಮೇಲೆ ಪ್ರಾಣಿಯ ಬದುಕು ನಿಂತಿದೆ. ಈ ಲೇಖನದ ವಾದವೂ ಅಷ್ಟೇ: ಕಣ್ಣಿಗೆ ಬೀಳುವ ಜೊಲ್ಲನ್ನಾಗಲಿ ನಡುಕವನ್ನಾಗಲಿ ಅಳತೆಗೋಲು ಮಾಡಿಕೊಳ್ಳಬಾರದು, ಪ್ರಯೋಗಾಲಯದ ವರದಿಗೂ ಕಾಯಬಾರದು. ಕಿವಿಗೊಡಬೇಕಾದದ್ದು ಎದೆಯ ಸದ್ದಿಗೆ.

ವಿಷ ಒಳಗೆ ಹೋಗುವ ದಾರಿಗಳು ಬಹಳ ಸಾಧಾರಣವಾದವು. ಸೈನಿಕ ಹುಳುವಿಗೆಂದು ತೌಡಿಗೆ ಬೆಲ್ಲ, ನೀರು, ಕೀಟನಾಶಕ ಬೆರೆಸಿ ಸಂಜೆ ಹೊತ್ತು ಹೊಲಕ್ಕೆ ಎರಚುವ ಪದ್ಧತಿ ನಮ್ಮಲ್ಲಿ ಹಳೆಯದು. ತೌಡು, ಬೆಲ್ಲ ಎರಡೂ ಹುಳುವಿಗಿಂತ ಹಸುವಿಗೇ ಹೆಚ್ಚು ಇಷ್ಟ, ನಾಯಿಯೂ ಬಿಡುವುದಿಲ್ಲ. ಕಲಸಿದ ಬಕೆಟ್ಟನ್ನು ರಾತ್ರಿ ಕೊಟ್ಟಿಗೆಯ ಮೂಲೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅನಾಹುತ ಮುಗಿದಿರುತ್ತದೆ. ಔಷಧಿ ಹೊಡೆದ ಮಾರನೆಯ ದಿನ ಬದುವಿನ ಹುಲ್ಲು ಕೊಯ್ದು ಹಾಕುವುದು, ಸ್ಪ್ರೇಯರ್ ತೊಳೆದ ನೀರು ದನ ಕುಡಿಯುವ ತೊಟ್ಟಿ ಸೇರುವುದು ಇನ್ನೆರಡು ದಾರಿ. ನಾಲ್ಕನೆಯದನ್ನು ಜನ ವಿಷವೆಂದು ಎಣಿಸುವುದೇ ಇಲ್ಲ: ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಔಷಧಿಯನ್ನೇ ಅಂದಾಜಿನ ಮೇಲೆ ನೀರಿಗೆ ಬೆರೆಸಿ ಹಸುವಿನ, ನಾಯಿಯ ಮೈಗೆ ಸವರುವುದು. ಈ ಕುಲದ ವಿಷಕ್ಕೆ ಬಾಯಿಯೇ ಬೇಕೆಂದಿಲ್ಲ, ಚರ್ಮದ ಮೂಲಕವೂ ಇಳಿಯುತ್ತದೆ.

ಒಳಗೆ ಹೋದ ಮೇಲೆ ಅದು ಮಾಡುವುದು ಒಂದೇ ಕೆಲಸ. ನರದಿಂದ ಗ್ರಂಥಿಗೋ ಸ್ನಾಯುವಿಗೋ ಅಪ್ಪಣೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು, ಕೆಲಸ ಮುಗಿದ ಕ್ಷಣವೇ ಒಡೆದು ಹಾಕುವುದು ಕೋಲಿನೆಸ್ಟರೇಸ್ ಎಂಬ ಕಿಣ್ವ. ಆರ್ಗನೊಫಾಸ್ಫೇಟ್ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೈಕಟ್ಟಿ ಕೂರಿಸುತ್ತದೆ. ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲಿನ ಗ್ರಂಥಿ ಸುರಿಸುತ್ತಲೇ ಇರುತ್ತದೆ, ಕಣ್ಣೀರು ಹರಿಯುತ್ತದೆ, ಕರುಳು ತಿರುಚಿಕೊಂಡು ಭೇದಿಯಾಗುತ್ತದೆ, ಮೂತ್ರ ತಡೆಯಿಲ್ಲದೆ ಹೋಗುತ್ತದೆ, ಕಣ್ಣಿನ ಪಾಪೆ ಕುಗ್ಗುತ್ತದೆ, ಶ್ವಾಸನಾಳಗಳು ಬಿಗಿದು ಒಳಗೆಲ್ಲ ಲೋಳೆ ತುಂಬುತ್ತದೆ. ಇದು ಒಂದು ಗುಂಪು. ಸ್ನಾಯುಗಳಲ್ಲಿ ಬೇರೆಯದೇ ನಡೆಯುತ್ತದೆ: ಮೊದಲು ಮುಖ, ಕುತ್ತಿಗೆ, ಭುಜಗಳ ಮೇಲೆ ಚರ್ಮದಡಿ ಹುಳು ಹರಿದಂಥ ಅದಿರು, ಆಮೇಲೆ ಮೈಯೆಲ್ಲ ನಡುಕ, ಕಾಲು ಸೆಟೆತ, ಕೊನೆಗೆ ದಣಿದ ಸ್ನಾಯು ಸೋತು ಬೀಳುವುದು. ಈ ಎರಡೂ ಗುಂಪಿನ ಲಕ್ಷಣ ಒಂದೇ ಪ್ರಾಣಿಯಲ್ಲಿ ಒಟ್ಟಿಗೆ ಕಾಣುತ್ತವೆ, ಆದರೆ ಅಟ್ರೋಪಿನ್ ತಡೆಯಬಲ್ಲದ್ದು ಮೊದಲನೆಯದನ್ನು ಮಾತ್ರ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಜೊಲ್ಲು ಸುರಿದು ಯಾವ ಹಸುವೂ ಸಾಯುವುದಿಲ್ಲ. ಸಾಯುವುದು ಉಸಿರು ಕಟ್ಟಿ. ಶ್ವಾಸಕೋಶದೊಳಗೆ ತುಂಬಿದ ನೀರು, ಬಿಗಿದ ಶ್ವಾಸನಾಳ, ಸೋತ ವಪೆ, ಮೆದುಳಿನ ಉಸಿರಾಟದ ಕೇಂದ್ರ ಮಂಕಾಗುವುದು, ಈ ನಾಲ್ಕೂ ಸೇರಿ ಕೊಲ್ಲುತ್ತವೆ. ಮೊದಲಿನೆರಡು ಅಟ್ರೋಪಿನ್‌ನ ಕೈಗೆ ಸಿಗುವಂಥವು. ಹಾಗಾಗಿ ಸ್ಟೆಥೊಸ್ಕೋಪಿನಲ್ಲಿ ಎರಡೂ ಪಕ್ಕೆಗಳಲ್ಲಿ ಕೇಳುವ ಗೊರಗೊರ ಮತ್ತು ಶಿಳ್ಳೆಯಂಥ ಸದ್ದುಗಳೇ ರೋಗದ ನಿಜವಾದ ಸ್ಥಿತಿಯನ್ನು ಹೇಳುತ್ತವೆ. ಪಾಪೆಯನ್ನು ನಂಬಲಾಗದು, ನಾಯಿಗಳಲ್ಲಿ ಕೆಲವೊಮ್ಮೆ ಅದು ಕುಗ್ಗದೆಯೂ ಇರುತ್ತದೆ. ಹೃದಯದ ಬಡಿತ ಪುಸ್ತಕದ ಪ್ರಕಾರ ನಿಧಾನವಾಗಬೇಕು. ಆದರೆ ಭಯ, ಉಸಿರುಗಟ್ಟು ಮತ್ತು ಎರಡನೆಯ ಗುಂಪಿನ ಪ್ರಭಾವದಿಂದ ವೇಗವಾಗಿಯೂ ಇರಬಹುದು. ಬಡಿತ ಜೋರಾಗಿದೆ ಎಂಬ ಒಂದೇ ಕಾರಣಕ್ಕೆ ಅಟ್ರೋಪಿನ್ ತಡೆಹಿಡಿಯುವುದು ಸರಿಯಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಜೊಲ್ಲು ಸುರಿಸುವ ಹಸುವೆಲ್ಲ ವಿಷ ತಿಂದದ್ದೇ? ಖಂಡಿತ ಅಲ್ಲ. ಹಾಸನದ ಸೀಮೆಯಲ್ಲಂತೂ ಆಲೂಗಡ್ಡೆ ಗಂಟಲಿಗೆ ಸಿಕ್ಕಿಕೊಂಡ ಹಸುವೂ ಧಾರಾಕಾರ ಜೊಲ್ಲು ಸುರಿಸುತ್ತದೆ, ಹೊಟ್ಟೆ ಉಬ್ಬರಿಸಿ ನಿಲ್ಲುತ್ತದೆ. ಅದರ ಸ್ನಾಯುಗಳಲ್ಲಿ ಅದಿರು ಇರುವುದಿಲ್ಲ, ಭೇದಿ ಇರುವುದಿಲ್ಲ, ಕುತ್ತಿಗೆಯ ಎಡಭಾಗದಲ್ಲಿ ಗಂಟು ಕೈಗೆ ಸಿಗಬಹುದು, ಹೊಟ್ಟೆಗೆ ಬಿಡುವ ನಳಿಗೆ ಮುಂದೆ ಹೋಗುವುದಿಲ್ಲ. ಕಾಲುಬಾಯಿ ಜ್ವರದಲ್ಲಿ ನಾಲಿಗೆಯ ಮೇಲೆ ಬೊಬ್ಬೆ, ಮೈ ಕಾವು. ರೇಬಿಸ್ ತಗುಲಿದ ಹಸುವೂ ನಾಯಿಯೂ ಜೊಲ್ಲು ಸುರಿಸುತ್ತವೆ, ನಡುಗುತ್ತವೆ, ನುಂಗಲಾರವು. ಅದಕ್ಕೇ ಏನು ಸಿಕ್ಕಿಕೊಂಡಿದೆ ನೋಡೋಣವೆಂದು ಬರಿಗೈಯನ್ನು ಬಾಯಿಯೊಳಗೆ ಹಾಕುವುದು ಅಪಾಯದ ಕೆಲಸ. ಇನ್ನೊಂದು ತೊಡಕು ಅಂಗಡಿಯಲ್ಲೇ ಇದೆ: ಕ್ಲೋರ್‌ಪೈರಿಫಾಸ್ ಜೊತೆ ಸೈಪರ್‌ಮೆಥ್ರಿನ್ ಬೆರೆತ ಡಬ್ಬಗಳು ಎಲ್ಲೆಡೆ ಸಿಗುತ್ತವೆ. ಸೈಪರ್‌ಮೆಥ್ರಿನ್ ಒಂದೇ ಹೋದರೂ ಜೊಲ್ಲು, ನಡುಕ ಎರಡೂ ಬರುತ್ತವೆ, ಆದರೆ ಕೋಲಿನೆಸ್ಟರೇಸ್‌ಗೆ ಅದು ಏನೂ ಮಾಡುವುದಿಲ್ಲ, ಅಲ್ಲಿ ಅಟ್ರೋಪಿನ್ ಸುರಿದರೆ ಹಾನಿಯೇ ಹೆಚ್ಚು. ಆದ್ದರಿಂದ ವೈದ್ಯರು ಬರುವಾಗ ಡಬ್ಬವನ್ನೋ ಅದರ ಚೀಟಿಯನ್ನೋ ತೋರಿಸುವುದು ಹತ್ತು ಲಕ್ಷಣ ವಿವರಿಸುವುದಕ್ಕಿಂತ ಮೇಲು.

ಡಬ್ಬ ಸಿಗದಿದ್ದರೆ ಅನುಮಾನ ಪರಿಹರಿಸಲು ಅಟ್ರೋಪಿನ್ನೇ ಒಂದು ಪರೀಕ್ಷೆಯಾಗುತ್ತದೆ. ಅರಿವಳಿಕೆಗೆ ಮುನ್ನ ಕೊಡುವಷ್ಟು ಸಣ್ಣ ಪ್ರಮಾಣ, ಅಂದರೆ ದೇಹತೂಕದ ಕೆ.ಜಿ.ಗೆ 0.02 ಮಿ.ಗ್ರಾಂ., ರಕ್ತನಾಳಕ್ಕೆ ಕೊಟ್ಟು ಹತ್ತು ಹದಿನೈದು ನಿಮಿಷ ನೋಡುವುದು. ವಿಷವಿಲ್ಲದ ಪ್ರಾಣಿಯಲ್ಲಿ ಇಷ್ಟಕ್ಕೇ ಬಾಯಿ ಒಣಗಿ, ಪಾಪೆ ಅರಳಿ, ಎದೆಬಡಿತ ಏರುತ್ತದೆ. ಏನೂ ಆಗದೆ ಜೊಲ್ಲು ಹಾಗೆಯೇ ಸುರಿಯುತ್ತಿದ್ದರೆ ಒಳಗೆ ಅಸಿಟೈಲ್‌ಕೋಲಿನ್ ತುಂಬಿಕೊಂಡಿದೆ ಎಂದೇ ಅರ್ಥ, ಪೂರ್ಣ ಪ್ರಮಾಣಕ್ಕೆ ಕೈ ಹಾಕಬಹುದು. ಉಸಿರಿಗೆ ಒದ್ದಾಡುತ್ತಿರುವ ಪ್ರಾಣಿಯ ಮುಂದೆ ಮಾತ್ರ ಈ ಪರೀಕ್ಷೆಗೂ ಪುರುಸೊತ್ತಿಲ್ಲ.

ಈಗ ಪ್ರಮಾಣದ ಲೆಕ್ಕ ಹಾಕೋಣ. ಮೊಸಳೆ ಕಡೆಯ ಒಂದು ಮನೆಯಲ್ಲಿ 400 ಕೆ.ಜಿ. ತೂಗುವ ಎಚ್.ಎಫ್. ಮಿಶ್ರತಳಿ ಹಸುವೊಂದು, 12 ಕೆ.ಜಿ.ಯ ನಾಯಿಯೊಂದು ಒಂದೇ ಬಕೆಟ್ಟಿನ ವಿಷತೌಡು ತಿಂದವು ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್ ಆಂಪೂಲ್ 1 ಮಿ.ಲೀ.ನದ್ದು, ಅದರಲ್ಲಿರುವುದು 0.6 ಮಿ.ಗ್ರಾಂ. ನಾಯಿಗೆ ಕೆ.ಜಿ.ಗೆ 0.2 ಮಿ.ಗ್ರಾಂ. ಹಿಡಿದರೆ 2.4 ಮಿ.ಗ್ರಾಂ., ಅಂದರೆ ನಾಲ್ಕು ಆಂಪೂಲ್. ಯಾವ ವೈದ್ಯರ ಚೀಲದಲ್ಲೂ ಇರುವಷ್ಟು. ಹಸುವಿಗೆ ಪುಸ್ತಕಗಳು ಹೇಳುವುದು ಕೆ.ಜಿ.ಗೆ 0.25ರಿಂದ 0.5 ಮಿ.ಗ್ರಾಂ., ಕೆಲವು ಇನ್ನೂ ಹೆಚ್ಚು. ಕನಿಷ್ಠವೇ 100 ಮಿ.ಗ್ರಾಂ. ಆಗುತ್ತದೆ. 100ನ್ನು 0.6ರಿಂದ ಭಾಗಿಸಿದರೆ 167 ಆಂಪೂಲ್. ಮೇಲಿನ ಮಿತಿಗೆ 333. ಇದು ಮೊದಲ ಸುತ್ತಿಗೆ ಮಾತ್ರ. ಇದರ ಕಾಲು ಅಥವಾ ಮೂರನೇ ಒಂದು ಪಾಲನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಉಳಿದದ್ದನ್ನು ಮಾಂಸಕ್ಕೋ ಚರ್ಮದಡಿಗೋ ಕೊಡಬೇಕು, ಲಕ್ಷಣ ಮರಳಿದಾಗಲೆಲ್ಲ ಕೆಲವು ಗಂಟೆಗೊಮ್ಮೆ ಪುನಃ ಕೊಡಬೇಕು, ಅದೂ ಒಂದೆರಡು ದಿನ. ಆಂಪೂಲಿನ ಕತ್ತು ಮುರಿಯುವುದಕ್ಕೇ ಒಬ್ಬರು ಬೇಕು. ಹತ್ತಿಪ್ಪತ್ತು ಆಂಪೂಲ್ ಕೊಟ್ಟು ಹಸು ಉಳಿಯಲಿಲ್ಲವೆಂದಾಗ ಅಟ್ರೋಪಿನ್ ಸೋತಿತು ಎನ್ನುತ್ತಾರೆ. ಸಿಕ್ಕಿದ್ದು ಬೇಕಾದುದರ ಹತ್ತನೇ ಒಂದು ಪಾಲಷ್ಟೇ ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ.

ಪುಸ್ತಕದ ಅಂಕಿಯೂ ಕೊನೆಯ ಮಾತಲ್ಲ. ಪ್ರಾಣಿ ತಿಂದದ್ದೆಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಬೇಕಾದ ಅಟ್ರೋಪಿನ್ ಎಷ್ಟೆಂದು ಮೊದಲೇ ಹೇಳಲಾಗದು. ಕೊಟ್ಟು, ಎದೆಗೆ ಕಿವಿಗೊಟ್ಟು, ಗೊರಗೊರ ಉಳಿದಿದ್ದರೆ ಇನ್ನಷ್ಟು ಕೊಟ್ಟು, ಮತ್ತೆ ಕೇಳುವುದು. ಮನುಷ್ಯರ ಚಿಕಿತ್ಸೆಯಲ್ಲಿ ಈ ವಿಧಾನಕ್ಕೆ ಒಳ್ಳೆಯ ಪುರಾವೆಯಿದೆ. ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಳೆಯ ಪದ್ಧತಿಯಂತೆ ಸಮ ಪ್ರಮಾಣದ ಚುಚ್ಚುಮದ್ದು ಪಡೆದವರಲ್ಲಿ ಶೇ 22.5ರಷ್ಟು ಮಂದಿ ಸತ್ತರು. ಪ್ರಮಾಣವನ್ನು ಬೇಗಬೇಗ ಏರಿಸುತ್ತ ಹೋಗಿ, ಲಕ್ಷಣ ಹತೋಟಿಗೆ ಬಂದ ಮೇಲೆ ಡ್ರಿಪ್‌ನಲ್ಲಿ ಮುಂದುವರಿಸಿದ ಗುಂಪಿನಲ್ಲಿ ಸತ್ತವರು ಶೇ 8. ಮನುಷ್ಯರ ಅಂಕಿಯನ್ನು ಹಸುವಿಗೆ ನೇರವಾಗಿ ಅಂಟಿಸಲಾಗದು, ಒಪ್ಪುತ್ತೇನೆ. ಆದರೆ ಶ್ವಾಸಕೋಶದಲ್ಲಿ ನೀರು ತುಂಬುವ ಬಗೆ ಇಬ್ಬರಲ್ಲೂ ಒಂದೇ, ಅದನ್ನು ಒಣಗಿಸುವ ಔಷಧವೂ ಒಂದೇ. ಮೊದಲ ಅರ್ಧ ಗಂಟೆಯಲ್ಲಿ ಎದೆ ತಿಳಿಯಾಗುವಂತೆ ಮಾಡುವುದೇ ಗುರಿಯಾಗಬೇಕು.

ಇದಕ್ಕೆ ಅನುಭವಿ ಪಶುವೈದ್ಯರು ಎತ್ತುವ ಆಕ್ಷೇಪ ಗಟ್ಟಿಯಾದದ್ದು: ಮೆಲುಕು ಹಾಕುವ ಪ್ರಾಣಿಗೆ ಅಷ್ಟು ಅಟ್ರೋಪಿನ್ ಹೋದರೆ ಮೇವಿನ ಚೀಲದ ಚಲನೆ ನಿಂತು ಹೊಟ್ಟೆ ಉಬ್ಬರಿಸುತ್ತದೆ, ಉಬ್ಬರಿಸಿದ ಹೊಟ್ಟೆ ವಪೆಯನ್ನು ಒತ್ತಿ ಉಸಿರನ್ನೇ ಕಟ್ಟುತ್ತದೆ. ಮಾತು ನಿಜ. ಅದಕ್ಕೇ ಅಟ್ರೋಪಿನ್‌ಗೆ ನಿಲ್ಲುವ ಗುರುತೂ ಬೇಕು, ಆ ಗುರುತೂ ಎದೆಯಲ್ಲೇ ಇದೆ. ಎರಡೂ ಪಕ್ಕೆಗಳಲ್ಲಿ ಉಸಿರು ಸರಾಗವಾಗಿ ಕೇಳಿತೆಂದರೆ ಅಲ್ಲಿಗೆ ಸಾಕು. ಪಾಪೆ ಪೂರ್ತಿ ಅರಳಲಿ, ನಡುಕ ನಿಲ್ಲಲಿ ಎಂದು ಮುಂದುವರಿಸಿದರೆ ಮೂತಿ ಒಣಗುತ್ತದೆ, ಎದೆಬಡಿತ ಹುಚ್ಚೇಳುತ್ತದೆ, ನಾಯಿ ಗೊತ್ತುಗುರಿಯಿಲ್ಲದೆ ಸುತ್ತುತ್ತದೆ, ಹಸುವಿನ ಹೊಟ್ಟೆ ಉಬ್ಬುತ್ತದೆ. ಉಬ್ಬರವನ್ನು ನಳಿಗೆ ಹಾಕಿ ಇಳಿಸಬಹುದು, ಎಡ ಹಳ್ಳೆಗೆ ಚುಚ್ಚಿ ಗಾಳಿ ಬಿಡಬಹುದು. ನೀರು ತುಂಬಿದ ಶ್ವಾಸಕೋಶಕ್ಕೆ ಹಾಗೆ ಚುಚ್ಚಿ ಬಿಡುವ ದಾರಿಯಿಲ್ಲ. ಎರಡು ಅಪಾಯಗಳಲ್ಲಿ ಯಾವುದನ್ನು ಮೊದಲು ಎದುರಿಸಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ನಡುಕದ ವಿಷಯವನ್ನು ಬಿಡಿಸಿ ಹೇಳಬೇಕು, ಮನೆಯವರನ್ನು ಹೆಚ್ಚು ಕಂಗೆಡಿಸುವುದು ಅದೇ. ಬಾಯಿ ಒಣಗಿ, ಉಸಿರು ಸರಿಯಾದ ಮೇಲೂ ಹಸು ಗಡಗಡ ನಡುಗುತ್ತ ಮಲಗಿರುತ್ತದೆ. ಇನ್ನೂ ಔಷಧಿ ಸಾಲದು ಎಂದು ಒತ್ತಾಯ ಶುರುವಾಗುತ್ತದೆ. ಸ್ನಾಯುವಿನ ಅದಿರಿಗೆ ಅಟ್ರೋಪಿನ್ ಮದ್ದಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಪ್ರಾಲಿಡಾಕ್ಸಿಮ್, ವೈದ್ಯರ ಮಾತಿನಲ್ಲಿ ಪ್ಯಾಮ್. ಅದು ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತು ತೆಗೆಯುತ್ತದೆ, ಆದರೆ ಅಂಟು ಗಟ್ಟಿಯಾಗುವ ಮುನ್ನ ಕೊಟ್ಟರೆ ಮಾತ್ರ. ಡೈಮೆಥೊಯೇಟ್, ಮೊನೊಕ್ರೋಟೋಫಾಸ್‌ಗಳಲ್ಲಿ ಆ ಗಡುವು ಕೆಲವೇ ಗಂಟೆ, ಕ್ಲೋರ್‌ಪೈರಿಫಾಸ್‌ನಲ್ಲಿ ಒಂದು ದಿನಕ್ಕೂ ಹೆಚ್ಚು. ಕೆ.ಜಿ.ಗೆ 20 ಮಿ.ಗ್ರಾಂ.ನಂತೆ ನಮ್ಮ ಹಸುವಿಗೆ 8 ಗ್ರಾಂ. ಬೇಕು, ಖರ್ಚು ಹಸುವಿನ ಬೆಲೆಯ ಜೊತೆ ಪೈಪೋಟಿಗೆ ಬೀಳುತ್ತದೆ. ಮನುಷ್ಯರಲ್ಲಿ ನಡೆದ ಪ್ರಯೋಗಗಳೂ ಒಮ್ಮತಕ್ಕೆ ಬಂದಿಲ್ಲ: ಮಹಾರಾಷ್ಟ್ರದ ಬಾರಾಮತಿಯಲ್ಲಿ ದೊಡ್ಡ ಪ್ರಮಾಣದಿಂದ ಲಾಭ ಕಂಡಿತು, ಶ್ರೀಲಂಕಾದಲ್ಲಿ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಾಯಿಗೆ, ಬೇಗ ಸಿಕ್ಕರೆ, ಪ್ಯಾಮ್ ಕೊಡುವುದು ಸರಿ. ಹಸುವಿನ ವಿಷಯದಲ್ಲಿ ಇರುವ ಹಣ ಮೊದಲು ಅಟ್ರೋಪಿನ್‌ಗೇ ಹೋಗಬೇಕು.

ಹಾಗಾದರೆ ಕೋಲಿನೆಸ್ಟರೇಸ್ ಪರೀಕ್ಷೆ ಏಕೆ ಬೇಕು? ಚಿಕಿತ್ಸೆಗಲ್ಲದಿದ್ದರೂ ಸತ್ಯಕ್ಕೆ ಬೇಕು: ಉಳಿದ ದನಗಳನ್ನು ಕಾಪಾಡಲು, ವಿಮೆಯ ಹಣಕ್ಕೆ, ಬೇಕೆಂದೇ ಹಾಕಿದ ವಿಷವಾದರೆ ಪೊಲೀಸ್ ದೂರಿಗೆ. ಪರೀಕ್ಷೆಯ ತತ್ವ ಸರಳ. 1961ರಲ್ಲಿ ಜಾರ್ಜ್ ಎಲ್‌ಮನ್ ರೂಪಿಸಿದ ವಿಧಾನದಲ್ಲಿ ರಕ್ತಕ್ಕೆ ಅಸಿಟೈಲ್‌ಥಯೋಕೋಲಿನ್ ಸೇರಿಸುತ್ತಾರೆ, ಕಿಣ್ವ ಚುರುಕಾಗಿದ್ದರೆ ಅದನ್ನು ಒಡೆಯುತ್ತದೆ, ಒಡೆದ ಚೂರು ಇನ್ನೊಂದು ರಾಸಾಯನಿಕದ ಜೊತೆ ಸೇರಿ ಹಳದಿ ಬಣ್ಣ ಕೊಡುತ್ತದೆ. ಹಳದಿ ಎಷ್ಟು ಬೇಗ ಗಾಢವಾಗುತ್ತದೋ ಕಿಣ್ವ ಅಷ್ಟು ಜೀವಂತ. ಸಹಜ ಮಟ್ಟದ ಅರ್ಧಕ್ಕಿಂತ ಕೆಳಗಿಳಿದರೆ ವಿಷ ತಾಗಿದೆ ಎಂಬ ಅನುಮಾನ, ಕಾಲು ಭಾಗಕ್ಕಿಂತ ಕೆಳಗಿದ್ದು ಲಕ್ಷಣಗಳೂ ಹೊಂದಿದರೆ ಬಹುಮಟ್ಟಿಗೆ ಖಚಿತ. ಎಡವಟ್ಟಾಗುವುದು ಮಾದರಿ ತೆಗೆಯುವಲ್ಲಿ. ಹಸುವಿನ ರಕ್ತದಲ್ಲಿ ಈ ಕಿಣ್ವ ಹೆಚ್ಚಾಗಿ ಇರುವುದು ಕೆಂಪು ಕಣಗಳಲ್ಲಿ, ಪ್ಲಾಸ್ಮಾದಲ್ಲಿ ಬಹಳ ಕಡಿಮೆ. ನಾಯಿಯಲ್ಲಿ ಪ್ಲಾಸ್ಮಾದಲ್ಲೂ ಸಾಕಷ್ಟಿರುತ್ತದೆ. ಮನುಷ್ಯರ ಲ್ಯಾಬ್‌ಗಳು ಸಾಮಾನ್ಯವಾಗಿ ನೋಡುವುದು ಸೀರಮ್ಮಿನ ಕೋಲಿನೆಸ್ಟರೇಸ್. ಹಸುವಿನ ಸೀರಮ್ಮನ್ನು ಅಲ್ಲಿಗೆ ಕೊಟ್ಟರೆ ಆರೋಗ್ಯವಂತ ಹಸುವಿಗೂ ಕಡಿಮೆ ಅಂಕಿಯೇ ಬರುತ್ತದೆ, ವಿಷವಿಲ್ಲದ ಕಡೆ ವಿಷ ಕಾಣಿಸುತ್ತದೆ. ಆದ್ದರಿಂದ ಹೆಪ್ಪುಗಟ್ಟದಂತೆ ಇ.ಡಿ.ಟಿ.ಎ. ಅಥವಾ ಹೆಪಾರಿನ್ ನಳಿಕೆಯಲ್ಲಿ ಪೂರ್ತಿ ರಕ್ತ ತೆಗೆದು, ಮಂಜುಗಡ್ಡೆಯ ನಡುವೆ ತಣ್ಣಗಿಟ್ಟು, ಗಟ್ಟಿಯಾಗಲು ಬಿಡದೆ ಕಳಿಸಬೇಕು. ಅದೇ ಕೊಟ್ಟಿಗೆಯ, ವಿಷ ಮುಟ್ಟದ ಇನ್ನೊಂದು ಹಸುವಿನ ರಕ್ತವನ್ನೂ ಅದೇ ಹೊತ್ತಿನಲ್ಲಿ ತೆಗೆದು ಜೊತೆಗೆ ಕಳಿಸಿದರೆ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆಯಿಲ್ಲ. ಅಟ್ರೋಪಿನ್ ಕಿಣ್ವವನ್ನು ಮುಟ್ಟುವುದಿಲ್ಲ, ಹಾಗಾಗಿ ಅದನ್ನು ಕೊಟ್ಟ ಮೇಲೂ ರಕ್ತ ತೆಗೆಯಬಹುದು. ಪ್ಯಾಮ್ ಮಾತ್ರ ಫಲಿತಾಂಶವನ್ನು ಬದಲಿಸುತ್ತದೆ, ರಕ್ತ ಅದಕ್ಕೆ ಮುಂಚೆ ಬೇಕು. ಪ್ರಾಣಿ ಸತ್ತಿದ್ದರೆ ಮೆದುಳಿನ ಭಾಗ ತಣ್ಣಗಿಟ್ಟು ಕಿಣ್ವಕ್ಕೆ, ಮೇವಿನ ಚೀಲದೊಳಗಿನ ವಸ್ತು ಮತ್ತು ಪಿತ್ತಜನಕಾಂಗ ವಿಷದ ಗುರುತಿಗೆ. ಹಾಸನದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಮಾದರಿ ಎಲ್ಲಿಗೆ, ಯಾವ ಸ್ಥಿತಿಯಲ್ಲಿ ಹೋಗಬೇಕೆಂದು ಅಲ್ಲಿ ಮೊದಲೇ ಕೇಳಿಟ್ಟುಕೊಳ್ಳಬಹುದು.

ವರದಿಯನ್ನು ಓದುವಾಗ ಎರಡು ಎಚ್ಚರ ಬೇಕು. ಕಾರ್ಬೊಫ್ಯುರಾನ್‌ನಂಥ ಕಾರ್ಬಮೇಟ್ ವಿಷಗಳೂ ಇದೇ ಲಕ್ಷಣ ತರುತ್ತವೆ, ಅವಕ್ಕೂ ಅಟ್ರೋಪಿನ್ನೇ ಮದ್ದು. ಆದರೆ ಅವುಗಳ ಅಂಟು ಸಡಿಲ, ರಕ್ತ ದಾರಿಯಲ್ಲಿರುವಾಗಲೇ ನಳಿಕೆಯೊಳಗೆ ಕಿಣ್ವ ಬಿಡಿಸಿಕೊಂಡು ವರದಿ ಸಹಜವೆಂದು ಬರಬಹುದು. ಸಹಜ ವರದಿ ಬಂದಿತೆಂದು ವಿಷವೇ ಇರಲಿಲ್ಲ ಎನ್ನಲಾಗದು. ಎರಡನೆಯದು ಇದರ ತಿರುಗುಮುರುಗು: ಆರ್ಗನೊಫಾಸ್ಫೇಟ್ ಗಟ್ಟಿಯಾಗಿ ಅಂಟಿದ ಕೆಂಪು ಕಣ ಸತ್ತು ಹೊಸದು ಹುಟ್ಟುವವರೆಗೆ ಕಿಣ್ವ ಮೇಲೇರುವುದಿಲ್ಲ, ಅದಕ್ಕೆ ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಹಸು ಎದ್ದು ಮೇಯುತ್ತಿರುತ್ತದೆ, ಅಂಕಿ ಪಾತಾಳದಲ್ಲಿರುತ್ತದೆ. ಅಂಕಿ ನೋಡಿ ಅಟ್ರೋಪಿನ್ ಮುಂದುವರಿಸುವ ಅಗತ್ಯವಿಲ್ಲ. ಆದರೆ ಅಂಥ ಹಸುವಿನ ಮೈಗೆ ಉಣ್ಣೆಯೆಂದು ಇನ್ನೊಮ್ಮೆ ಇದೇ ಕುಲದ ಔಷಧಿ ಸವರಿದರೆ, ಮೊದಲ ಸಲ ತಾಳಿಕೊಂಡ ಪ್ರಮಾಣವೇ ಎರಡನೆಯ ಸಲ ಕೊಲ್ಲಬಹುದು.

ವೈದ್ಯರು ಬರುವ ಮುನ್ನ ಮನೆಯವರು ಮಾಡುವ ಕೆಲಸಗಳಲ್ಲಿ ಅತ್ಯಂತ ಅಪಾಯದ್ದು ಗೊಟ್ಟ ಹಾಕುವುದು. ಮಜ್ಜಿಗೆ, ಹುಣಸೆನೀರು, ಎಣ್ಣೆ, ಮೊಟ್ಟೆ, ಯಾವುದಾದರೂ ಸರಿ, ನುಂಗುವ ಸ್ನಾಯು ಸೋತಿರುವ ಹಸುವಿಗೆ ಹುಯ್ದರೆ ಅದು ಇಳಿಯುವುದು ಶ್ವಾಸಕೋಶಕ್ಕೆ. ಮೊದಲೇ ನೀರು ತುಂಬುತ್ತಿರುವ ಜಾಗ ಅದು. ವಿಷ ಹೀರುವ ಸಕ್ರಿಯ ಇದ್ದಿಲನ್ನು ವೈದ್ಯರೂ ನಳಿಗೆಯ ಮೂಲಕವೇ ಕೊಡುತ್ತಾರೆ, 400 ಕೆ.ಜಿ. ಹಸುವಿಗೆ 400 ಗ್ರಾಂ.ಗೆ ಕಡಿಮೆಯಿಲ್ಲದಷ್ಟು. ಮೈಗೆ ಔಷಧಿ ಬಿದ್ದಿದ್ದರೆ ಮಾತ್ರ ಮನೆಯವರು ಕೈಗವಸು ತೊಟ್ಟು ಸೋಪು ನೀರಿನಿಂದ ಉಜ್ಜಿ ತೊಳೆಯುವುದು ನಿಜವಾದ ಚಿಕಿತ್ಸೆ, ತೊಳೆಯದೆ ಕೊಟ್ಟ ಅಟ್ರೋಪಿನ್ ಕೊನೆಯಿಲ್ಲದ ಕೆಲಸವಾಗುತ್ತದೆ. ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಕರೆ ಮಾಡುವಾಗ ಡಬ್ಬದ ಮೇಲಿನ ಹೆಸರು, ಹಸುವಿನ ಅಂದಾಜು ತೂಕ ಎರಡನ್ನೂ ಹೇಳಿದರೆ ಎಷ್ಟು ಅಟ್ರೋಪಿನ್ ಹೊತ್ತು ಬರಬೇಕೆಂದು ಹೊರಡುವಾಗಲೇ ಗೊತ್ತಾಗುತ್ತದೆ. ಚೇತರಿಸಿಕೊಂಡು ಎದ್ದ ಹಸುವನ್ನು ಮರುದಿನವೂ ಕಾಯಬೇಕು, ಮೇವಿನ ಚೀಲದಲ್ಲಿ ಉಳಿದ ವಿಷ ನಿಧಾನವಾಗಿ ಇಳಿಯುತ್ತಲೇ ಇದ್ದು ಗೊರಗೊರ ಎರಡನೆಯ ರಾತ್ರಿ ಮರಳಬಹುದು. ಆ ಹಸುವಿನ ಹಾಲು ಡೇರಿಗೂ ಹೋಗಬಾರದು, ಕರುವಿಗೂ ಹೋಗಬಾರದು. ಸತ್ತ ದನವನ್ನು ಊರಾಚೆ ಎಸೆದರೆ ಮುಂದಿನ ಸರದಿ ನಾಯಿಗಳದು.

ಉಳಿದಿರುವುದು ದಾಸ್ತಾನಿನ ಪ್ರಶ್ನೆ. ಹಸುವೊಂದಕ್ಕೆ ನೂರಾರು ಆಂಪೂಲ್ ಇಟ್ಟುಕೊಳ್ಳಲು ಯಾವ ಪಶು ಚಿಕಿತ್ಸಾಲಯಕ್ಕೆ ಸಾಧ್ಯ ಎಂದು ಕೇಳಬಹುದು. ಆಂಪೂಲ್ ಲೆಕ್ಕದಲ್ಲಿ ಸಾಧ್ಯವಿಲ್ಲ, ನಿಜ. ಆದರೆ 0.6 ಮಿ.ಗ್ರಾಂ. ಎಂಬುದು ಮನುಷ್ಯರ ಅಳತೆಗೆ ಮಾಡಿದ ಸರಕು. ಅಮೆರಿಕದಲ್ಲಿ ದೊಡ್ಡ ಪ್ರಾಣಿಗಳಿಗೆಂದೇ ಮಿ.ಲೀ.ಗೆ 15 ಮಿ.ಗ್ರಾಂ. ಇರುವ ಅಟ್ರೋಪಿನ್ ಬಾಟಲಿ ಬರುತ್ತದೆ. ಅದಾದರೆ ನಮ್ಮ ಹಸುವಿನ 200 ಮಿ.ಗ್ರಾಂ. ಹದಿಮೂರು ಚಿಲ್ಲರೆ ಮಿ.ಲೀ.ನಲ್ಲಿ ಮುಗಿಯುತ್ತದೆ, ಒಂದೇ ಸಿರಿಂಜಿನಲ್ಲಿ. ಅಷ್ಟು ಗಾಢವಾದದ್ದನ್ನು ನಾಯಿಗೆ ತಪ್ಪಿ ಕೊಟ್ಟರೆ ಪ್ರಾಣಾಪಾಯ, ಆದ್ದರಿಂದ ಬಣ್ಣದ ಚೀಟಿ, ಬೇರೆ ಕಪಾಟು ಬೇಕಾಗುತ್ತದೆ. ಔಷಧಿ ಹೊಡೆಯುವ ತಿಂಗಳುಗಳಲ್ಲಿ ತಾಲ್ಲೂಕಿಗೊಂದು ಆಸ್ಪತ್ರೆಯಲ್ಲಾದರೂ ಎರಡು ಹಸುವಿನ ಎರಡು ದಿನದ ಅಟ್ರೋಪಿನ್ ಇರುವಂತೆ ಖರೀದಿ ಪಟ್ಟಿಯನ್ನು ಆಂಪೂಲ್ ಲೆಕ್ಕ ಬಿಟ್ಟು ಮಿ.ಗ್ರಾಂ. ಲೆಕ್ಕದಲ್ಲಿ ಬರೆಯಬೇಕು.